ಕಾರ್ ಕ್ಲೇಮಲ್ಲಿ ಡೆಪ್ರಿಸಿಯೇಶನ್ ಎಷ್ಟು ಕಟ್ ಆಗ್ಬೇಕು? ನೀವೇ ಲೆಕ್ಕ ಹಾಕ್ಕೊಳ್ಳಿ

ಗಾಡಿ ರೆಡಿ ಇದೆ ಬನ್ನಿ ಅಂತ ಸರ್ವಿಸ್ ಸೆಂಟರಿಂದ ಫೋನ್ ಬರುತ್ತೆ, ಹೋದ್ರೆ ಕೌಂಟರಲ್ಲಿ ‘ನಿಮ್ಮ ಪಾಲು ಇಷ್ಟು ಸಾವಿರ ಆಗುತ್ತೆ ಸರ್’ ಅಂತಾರೆ, ಕ್ಯಾಶ್‌ಲೆಸ್ ಅಲ್ವೇನ್ರಿ ಅಂದ್ರೆ ‘ಡೆಪ್ರಿಸಿಯೇಶನ್ ಸರ್’ ಅಂತ ಒಂದೇ ಮಾತು, ಅಂದ್ರೆ ಪಾರ್ಟ್ಸ್ ಬಳಸಿ ಹಳೇದಾಗಿದೆ ಅಂತ ಇನ್ಶೂರೆನ್ಸ್ ಕಂಪನಿ ಅದರ ಬೆಲೆಯಲ್ಲಿ ಕಳೆಯೋ ಭಾಗ. ಮುಕ್ಕಾಲು ಪಾಲು ಜನ ಅಲ್ಲೇ ಕಾರ್ಡ್ ಉಜ್ಜಿ ಗಾಡಿ ತಗೊಂಡ್ ಬಂದ್ಬಿಡ್ತಾರೆ. ಆ ಮೊತ್ತ ಸರಿನಾ ಅಂತ ನೋಡೋಕೆ ಬೇಕಾಗೋದು ಒಂದು ಪೆನ್ನು, ಒಂದು ಹಾಳೆ, ಹತ್ತು ನಿಮಿಷ.

ಮೊದಲು ಗಾಡಿ ವಯಸ್ಸು ನೋಡ್ಕೊಳ್ಳಿ. ಆರ್‌ಸಿಯಲ್ಲಿರೋ ರಿಜಿಸ್ಟ್ರೇಶನ್ ದಿನದಿಂದ ಆಕ್ಸಿಡೆಂಟ್ ಆದ ದಿನದವರೆಗೆ ಎಣಿಸಿ, ಬಿಲ್ ಆದ ದಿನದವರೆಗೆ ಅಲ್ಲ. ಗ್ಯಾರೇಜಲ್ಲಿ ಗಾಡಿ ಒಂದು ತಿಂಗಳು ನಿಂತಿದ್ದಕ್ಕೆ ಅದರ ವಯಸ್ಸಿನ ಸ್ಲ್ಯಾಬ್ ಬದಲಾಗೋ ಹಾಗಿಲ್ಲ.

ಆಮೇಲೆ ಬಿಲ್ಲಲ್ಲಿರೋ ಪಾರ್ಟ್ಸ್‌ನ ಗುಂಪು ಮಾಡಿ. 2002ರ ಮೋಟಾರ್ ಟ್ಯಾರಿಫಲ್ಲಿ ಬಂದ ರೇಟೇ ಇವತ್ತಿಗೂ ಸಾಮಾನ್ಯ ಪ್ಯಾಕೇಜ್ ಪಾಲಿಸಿಗಳಲ್ಲಿ ಇರೋದು, ನಿಮ್ಮ ಪಾಲಿಸಿ ಪುಸ್ತಕದಲ್ಲೂ ಪ್ರಿಂಟ್ ಆಗಿರುತ್ತೆ, ಒಂದ್ಸಲ ತೆಗೆದು ನೋಡಿ. ರಬ್ಬರ್, ಪ್ಲಾಸ್ಟಿಕ್, ನೈಲಾನ್, ಟೈರು, ಟ್ಯೂಬು, ಬ್ಯಾಟರಿ, ಏರ್‌ಬ್ಯಾಗ್ ಇವೆಲ್ಲಕ್ಕೂ 50 ಪರ್ಸೆಂಟ್ ಕಟ್, ಗಾಡಿ ಹೊಸದಾಗಿದ್ರೂ ಅಷ್ಟೇ. ಫೈಬರ್ ಗ್ಲಾಸಿಗೆ 30. ಗಾಜಿಗೆ ಏನೂ ಇಲ್ಲ, ಸೊನ್ನೆ. ಹೆಸರಲ್ಲಿ ಗ್ಲಾಸ್ ಅಂತಿದ್ರೂ ಫೈಬರ್ ಗ್ಲಾಸ್ ಬೇರೆ, ಗಾಜು ಬೇರೆ, ನೆನಪಿರ್ಲಿ. ಇನ್ನು ಮೆಟಲ್ ಮತ್ತೆ ಉಳಿದ ಎಲ್ಲಾ ಪಾರ್ಟಿಗೆ ಗಾಡಿ ವಯಸ್ಸಿನ ಮೇಲೆ: 6 ತಿಂಗಳವರೆಗೆ ಏನೂ ಇಲ್ಲ, 1 ವರ್ಷದವರೆಗೆ 5 ಪರ್ಸೆಂಟ್, 2ರವರೆಗೆ 10, 3ರವರೆಗೆ 15, 4ರವರೆಗೆ 25, 5ರವರೆಗೆ 35, 10ರವರೆಗೆ 40, ಅದಕ್ಕಿಂತ ಹಳೇದಾದ್ರೆ 50. ಇದನ್ನ ಐಡಿವಿ, ಅಂದ್ರೆ ಗಾಡಿಯ ಇನ್ಶೂರೆನ್ಸ್ ಮೊತ್ತ, ಅದರ ಲೆಕ್ಕದ ಟೇಬಲ್ ಜೊತೆ ಕಲಸ್ಕೋಬೇಡಿ, ಅದು ಗಾಡಿಯ ಒಟ್ಟು ಬೆಲೆ ಇಳಿಸೋದಕ್ಕೆ ಇರೋದು, ಪಾರ್ಟ್ಸಿಗೆ ಸಂಬಂಧ ಇಲ್ಲ.

ಲೇಬರಿಗೆ ಡೆಪ್ರಿಸಿಯೇಶನ್ ಇಲ್ಲ. ಡೆಂಟ್ ತೆಗೆಯೋದು, ಬಿಚ್ಚಿ ಜೋಡಿಸೋದು ಎಲ್ಲಾ ಅದರಲ್ಲೇ ಬರುತ್ತೆ.

ಈಗ ಪೇಂಟು. ಜನ ದುಡ್ಡು ಕಳ್ಕೊಳ್ಳೋದು ಇಲ್ಲೇ, ಅದಕ್ಕೇ ಸ್ವಲ್ಪ ನಿಧಾನವಾಗಿ ಓದಿ. ಪೇಂಟಿಗೆ 50 ಪರ್ಸೆಂಟ್ ಅಂತ ಎಲ್ಲರೂ ಹೇಳ್ತಾರೆ, ಅದು ಅರ್ಧ ಮಾತು. 50 ಪರ್ಸೆಂಟ್ ಕಟ್ ಮಾಡ್ಬೇಕಾಗಿರೋದು ಪೇಂಟಿನ ಮೆಟೀರಿಯಲ್ ಮೇಲೆ ಮಾತ್ರ, ಪೇಂಟಿಂಗ್ ಚಾರ್ಜ್ ಪೂರ್ತಿ ಮೇಲೆ ಅಲ್ಲ. ಪೇಂಟ್, ಪ್ರೈಮರ್, ಥಿನ್ನರ್ ಇವು ಮೆಟೀರಿಯಲ್, ಉಜ್ಜಿ ಹೊಡೆದು ಬೂತಲ್ಲಿ ಒಣಗಿಸಿ ಪಾಲಿಶ್ ಮಾಡೋದು ಲೇಬರ್. ಆದ್ರೆ ಬಹಳಷ್ಟು ಕಡೆ ಬಿಲ್ಲಲ್ಲಿ ‘ಬಾನೆಟ್ ಪೇಂಟಿಂಗ್’, ‘ಬಂಪರ್ ಪೇಂಟಿಂಗ್’ ಅಂತ ಒಂದೇ ಮೊತ್ತ ಬರೆದಿರ್ತಾರೆ, ಮೆಟೀರಿಯಲ್ ಎಷ್ಟು ಲೇಬರ್ ಎಷ್ಟು ಗೊತ್ತೇ ಆಗಲ್ಲ. ಹಂಗಿದ್ದಾಗ ಏನ್ ಮಾಡ್ಬೇಕು ಅಂತಾನೂ ರೂಲಲ್ಲೇ ಇದೆ: ಒಟ್ಟು ಪೇಂಟಿಂಗ್ ಚಾರ್ಜಲ್ಲಿ 25 ಪರ್ಸೆಂಟ್ ಮೆಟೀರಿಯಲ್ ಅಂತ ಹಿಡೀಬೇಕು, ಅದರ ಅರ್ಧ ಕಟ್. ಅಂದ್ರೆ ಒಟ್ಟು ಪೇಂಟಿಂಗ್ ಬಿಲ್ಲಿನ ಎಂಟನೇ ಒಂದು ಭಾಗ ಮಾತ್ರ ನಿಮ್ಮ ತಲೆ ಮೇಲೆ. ಡ್ಯಾಮೇಜ್ ಲೆಕ್ಕ ಹಾಕೋಕೆ ಕಂಪನಿ ನೇಮಿಸೋ ಸರ್ವೇಯರ್ ಶೀಟಲ್ಲಿ ಪೇಂಟ್ ಸಾಲಿನ ಮುಂದೆ ಕಟ್ ಆದ ಮೊತ್ತ ಬಿಲ್ಲಿನ ಅರ್ಧದಷ್ಟಿದ್ರೆ ತಪ್ಪಾಗಿದೆ ಅಂತಾನೇ ಅರ್ಥ, ಅಲ್ಲಿಂದ ಒಂದಿಂಚೂ ಕದಲ್ಬೇಡಿ.

ಒಂದು ಲೆಕ್ಕ ಪೂರ್ತಿ ಹಾಕಿ ನೋಡೋಣ. 1,200 ಸಿಸಿ ಕಾರು, ವಯಸ್ಸು 2 ವರ್ಷ 8 ತಿಂಗಳು, ತುಮಕೂರು ರೋಡಲ್ಲಿ ಮುಂದಿನ ಗಾಡಿಗೆ ಗುದ್ದಿ ಮುಂಭಾಗ ಹೋಗಿದೆ ಅನ್ಕೊಳ್ಳಿ. ಎಲ್ಲಾ ಮೊತ್ತ ಜಿಎಸ್‌ಟಿ ಸೇರಿಸಿ. ಬಂಪರ್ 6,000, ಪ್ಲಾಸ್ಟಿಕ್, 3,000 ಕಟ್. ಹೆಡ್‌ಲ್ಯಾಂಪ್ 8,000, ಈಗಿನವೆಲ್ಲಾ ಪ್ಲಾಸ್ಟಿಕ್ಕೇ, 4,000 ಕಟ್. ಬಾನೆಟ್ 10,000, ಮೆಟಲ್, 15 ಪರ್ಸೆಂಟ್ ಲೆಕ್ಕದಲ್ಲಿ 1,500. ಫೆಂಡರ್ 4,000ಕ್ಕೆ 600. ಮುಂದಿನ ಗಾಜು 7,000, ಕಟ್ ಇಲ್ಲ, ಆದ್ರೆ ಅದರ ಸುತ್ತಿನ ರಬ್ಬರ್ ಬೀಡಿಂಗ್ 600ಕ್ಕೆ 300. ಪಾರ್ಟ್ಸ್ ಒಟ್ಟು 35,600, ಕಟ್ 9,400. ಪೇಂಟಿಂಗ್ ಒಂದೇ ಮೊತ್ತ 12,000, ಅದರಲ್ಲಿ ಮೆಟೀರಿಯಲ್ 3,000 ಅಂತ ಹಿಡಿದ್ರೆ ಕಟ್ 1,500. ಲೇಬರ್ 5,000, ಕಟ್ ಇಲ್ಲ.

ಬಿಲ್ 52,600, ಡೆಪ್ರಿಸಿಯೇಶನ್ ಒಟ್ಟು 10,900. ಇದರ ಮೇಲೆ 1,500 ಸಿಸಿವರೆಗಿನ ಕಾರಿಗೆ ಪ್ರತಿ ಕ್ಲೇಮಲ್ಲೂ ನೀವೇ ಕಟ್ಬೇಕಾದ ಕಂಪಲ್ಸರಿ ಡಿಡಕ್ಟಿಬಲ್ 1,000 ಇದ್ದೇ ಇರುತ್ತೆ, ಹಳೇ ಮೆಟಲ್ ಪಾರ್ಟ್ಸಿನ ಗುಜರಿ ಬೆಲೆ ಅಂತ ಒಂದು 400 ಕಳೀತಾರೆ ಅನ್ಕೊಂಡ್ರೆ ಕಂಪನಿ ಕೊಡ್ಬೇಕಾಗಿರೋದು 40,300, ನಿಮ್ಮ ಪಾಲು 12,300. ಇದೇ ಬಿಲ್ಲಿಗೆ ಪೇಂಟ್ ಪೂರ್ತಿ ಅರ್ಧ ಹೊಡೆದ್ರೆ 1,500 ಇದ್ದ ಜಾಗದಲ್ಲಿ 6,000 ಆಗಿ ನಿಮ್ಮ ಪಾಲು 16,800ಕ್ಕೆ ಹೋಗುತ್ತೆ. ಒಂದೇ ಸಾಲಲ್ಲಿ 4,500 ರೂಪಾಯಿ.

ಇನ್ನೊಂದು ಕಡೆ ಕಣ್ಣಿಡ್ಬೇಕಾಗಿರೋದು ಎರಡು ಮೂರು ವಸ್ತು ಸೇರಿ ಆಗಿರೋ ಪಾರ್ಟ್ಸ್ ಮೇಲೆ. ಸೈಡ್ ಮಿರರ್ ತಗೊಳ್ಳಿ, ಕವರ್ ಪ್ಲಾಸ್ಟಿಕ್, ಒಳಗಿರೋದು ಗಾಜು. ಪೂರ್ತಿ ಸೆಟ್ ಹಾಕಿದ್ರೆ ಪ್ಲಾಸ್ಟಿಕ್ ಅಂತ ಅರ್ಧ ಕಟ್ ಮಾಡಿಬಿಡ್ತಾರೆ. ಬರೀ ಗಾಜು ಒಡೆದಿದ್ರೆ, ಆ ಮಾಡೆಲಿಗೆ ಗಾಜು ಬೇರೆ ಸಿಗುತ್ತೆ ಅಂದ್ರೆ ಅದೊಂದನ್ನೇ ಹಾಕಿಸಿ, ಸೊನ್ನೆ ಕಟ್. ಹಾಗೇ ಮೆಟಲ್ ಬ್ರಾಕೆಟ್, ಮೆಟಲ್ ಕ್ರಾಸ್ ಮೆಂಬರ್ ಇಂಥವು ಬಂಪರ್ ಪಕ್ಕದಲ್ಲಿದೆ ಅಂತ ಪ್ಲಾಸ್ಟಿಕ್ ಲಿಸ್ಟಿಗೆ ಸೇರಿಹೋಗಿದ್ಯಾ ನೋಡಿ. ಅನುಮಾನ ಇದ್ರೆ ಹಳೇ ಪಾರ್ಟ್ ತೋರಿಸಿ ಅಂತ ಕೇಳಿ, ಕೈಯಲ್ಲಿ ಹಿಡಿದು ತಟ್ಟಿದ್ರೆ ತಗಡೋ ಪ್ಲಾಸ್ಟಿಕ್ಕೋ ಗೊತ್ತಾಗುತ್ತೆ.

ಗಾಡಿಗೆ 5 ವರ್ಷ ದಾಟಿದ್ರೆ ನನ್ನ ಸಲಹೆ ಒಂದೇ, ಡೋರು ಫೆಂಡರ್ ತಟ್ಟಿ ಸರಿಯಾಗೋ ಹಾಗಿದ್ರೆ ರಿಪೇರಿನೇ ಮಾಡಿಸಿ. ಹೊಸ ಡೋರ್ ಹಾಕಿದ್ರೆ 40 ಪರ್ಸೆಂಟ್ ನಿಮ್ದು, ಟಿಂಕರಿಂಗ್ ಪೂರ್ತಿ ಲೇಬರ್ ಆಗಿರೋದ್ರಿಂದ ಅದಕ್ಕೆ ಡೆಪ್ರಿಸಿಯೇಶನ್ನೇ ಇಲ್ಲ. ‘ಹೆಂಗೂ ಇನ್ಶೂರೆನ್ಸ್ ಅಲ್ವಾ, ಹೊಸದೇ ಹಾಕ್ಬಿಡೋಣ’ ಅಂತ ಅಡ್ವೈಸರ್ ಹೇಳಿದ ತಕ್ಷಣ ತಲೆ ಆಡಿಸ್ಬೇಡಿ.

ಡೆಪ್ರಿಸಿಯೇಶನ್ ಕಟ್ ಮಾಡದೇ ಇರೋ ಝೀರೋ ಡೆಪ್ ಆಡ್-ಆನ್ ಇದ್ರೆ ಈ ತಲೆನೋವು ಬಹುಪಾಲು ಇಲ್ಲ, ಹೊಸ ಗಾಡಿಗೆ ತಗೊಳ್ಳಲೇಬೇಕು ಅನ್ನೋನು ನಾನು. ಆದ್ರೂ ಡಿಡಕ್ಟಿಬಲ್ ಹೋಗೇ ಹೋಗುತ್ತೆ, ತುಂಬಾ ಪಾಲಿಸಿಗಳಲ್ಲಿ ಟೈರು, ಬ್ಯಾಟರಿ ಅದರಿಂದ ಹೊರಗಿರುತ್ತೆ, ವರ್ಷಕ್ಕೆ ಇಷ್ಟೇ ಕ್ಲೇಮ್ ಅನ್ನೋ ಮಿತಿನೂ ಇರಬಹುದು. ಕೂಲೆಂಟ್, ಆಯಿಲ್, ನಟ್ಟು ಬೋಲ್ಟಿಗೆ ಕನ್ಸ್ಯೂಮಬಲ್ಸ್ ಅನ್ನೋ ಬೇರೆ ಆಡ್-ಆನ್ ಬೇಕು.

ಕೊನೇದಾಗಿ ಕಾಗದ. ದುಡ್ಡು ಕಟ್ಟೋಕೆ ಮುಂಚೆ, ಸೆಟ್ಲ್‌ಮೆಂಟ್ ಪೇಪರಿಗೆ ಸೈನ್ ಹಾಕೋಕೆ ಮುಂಚೆ, ಸರ್ವೇಯರ್ ಅಸೆಸ್‌ಮೆಂಟ್ ಶೀಟ್ ಕೇಳಿ ಇಸ್ಕೊಳ್ಳಿ, ಪಾರ್ಟಿಗೊಂದು ಸಾಲು ಇರೋದು. ತಪ್ಪು ಕಂಡ್ರೆ ಫೋನಲ್ಲಿ ಜಗಳ ಬೇಡ, ಯಾವ ಸಾಲು, ಎಷ್ಟು ಕಟ್ ಆಗಿದೆ, ಎಷ್ಟಾಗ್ಬೇಕಿತ್ತು ಅಂತ ಮೂರೇ ಸಾಲು ಬರೆದು ಇನ್ಶೂರೆನ್ಸ್ ಕಂಪನಿಯ ಗ್ರೀವೆನ್ಸ್ ಮೇಲ್‌ಗೆ ಕಳ್ಸಿ. ಒಂದು ತಿಂಗಳಲ್ಲಿ ಉತ್ತರ ಬರ್ಲಿಲ್ಲ ಅಥವಾ ಒಪ್ಪಲಿಲ್ಲ ಅಂದ್ರೆ ಬೆಂಗಳೂರಲ್ಲೇ ಇನ್ಶೂರೆನ್ಸ್ ಓಂಬುಡ್ಸ್‌ಮನ್ ಆಫೀಸ್ ಇದೆ, ಫೀಸಿಲ್ಲ, ಲಾಯರ್ ಬೇಕಾಗಿಲ್ಲ, ಕಂಪನಿ ಆಗಲ್ಲ ಅಂದ ದಿನದಿಂದ ಒಂದು ವರ್ಷದ ಒಳಗೆ ದೂರು ಕೊಡ್ಬೇಕು.