ಡೈರಿ ಬೋರಾಗಿದ್ದರೆ ನಾಳೆಯ ಪ್ರಶ್ನೆ ಇವತ್ತೇ ಬರೆದಿಡಿ
ಇವತ್ತಿನ ಡೈರಿ ಮುಗಿಸುವಾಗ ನಾಳೆಯ ಪುಟದ ಮೇಲೆ ಒಂದು ಪ್ರಶ್ನೆ ಬರೆದಿಡಿ, ಅದೂ ಇವತ್ತು ನೀವು ಪೂರ್ತಿ ಹೇಳದೆ ಬಿಟ್ಟ ವಾಕ್ಯದಿಂದಲೇ. "ಅಕ್ಕ ಫೋನ್ ಮಾಡಿದ್ದಳು, ಬೇಜಾರಾಯ್ತು" ಅಂತ ಬರೆದಿದ್ದರೆ, "ಅವಳ ಯಾವ ಮಾತಿಗೆ ಬೇಜಾರಾಯ್ತು, ಆಗ ನಾನು ಏನು ಹೇಳಬೇಕು ಅಂದುಕೊಂಡು ಸುಮ್ಮನಾದೆ?" ಅಂತ ಕೇಳಿ. "ದಿನ ಹೇಗಿತ್ತು?" ಅಂದರೆ ದಿನಾ "ಪರವಾಗಿಲ್ಲ" ಅನ್ನುವ ಉತ್ತರವೇ ಬರುತ್ತದೆ, ಅಲ್ವಾ? ಯಾರು, ಯಾವ ಮಾತು ಅಂತ ಕೇಳಿದರೆ ನೆನಪಿಗೆ ಹಿಡಿಯಲು ಒಂದು ಜಾಗ ಸಿಗುತ್ತದೆ, ಏನು ಬರೆಯಲಿ ಅಂತ ಹುಡುಕುವ ಕೆಲಸವೂ ಹಿಂದಿನ ರಾತ್ರಿಯೇ ಮುಗಿದಿರುತ್ತದೆ. "ನಾನ್ಯಾಕೆ ಹೀಗೆ?" ಥರದ ಪ್ರಶ್ನೆ ಮಾತ್ರ ಬೇಡ, ಅದು ಸುಮ್ನೆ ಕೊರಗಿಗೆ ಎಳೆಯುತ್ತದೆ. ಎರಡು ಮೂರು ದಿನ ಅದೇ ನೋವು ಅದೇ ಮಾತುಗಳಲ್ಲಿ ಬರುತ್ತಿದ್ದರೆ ಆ ಎಳೆ ಬಿಟ್ಟು, "ಇವತ್ತು ಅಡುಗೆಮನೆ ಕಿಟಕಿಯಿಂದ ಏನು ಕಂಡಿತು?" ಅಂತ ಹೊರಗಿನದೇನಾದರೂ ಕೇಳಿಕೊಳ್ಳಿ.