ಎಂಟು ಬಾಯಿಗಳಲ್ಲಿ ಕಾರ್ಟೂನನ್ನು ಮಾತಾಡಿಸುವುದು ಹೇಗೆ?

ಕಡಿಮೆ ಖರ್ಚಿನ ಕಾರ್ಟೂನಿಗೆ ಅಕ್ಷರಕ್ಕೊಂದು ಬಾಯಿ ಬೇಕಿಲ್ಲ. ಕ, ತ, ಟ, ಣ ಮುಂತಾದವು ಹುಟ್ಟುವುದು ಬಾಯಿಯೊಳಗೆ, ಹೊರಗಿನಿಂದ ನೋಡುವವರಿಗೆ ಅವುಗಳ ವ್ಯತ್ಯಾಸ ಕಾಣುವುದಿಲ್ಲ. ಹಾಗಾಗಿ ಚಾರ್ಟ್ ಮಾಡುವಾಗ ತುಟಿ ಮತ್ತು ದವಡೆಯನ್ನಷ್ಟೇ ಗಮನಿಸಿ.

ಮೊದಲು ಎಂಟು ಬಾಯಿ ಬರೆದುಕೊಳ್ಳಿ: ಸುಮ್ಮನಿರುವ ಬಾಯಿ; "ಪ", "ಬ", "ಮ" ಅಕ್ಷರಗಳಿಗೆ ತುಟಿ ಒತ್ತಿದ ಬಾಯಿ; "ಇ", "ಸ"ಗಳಿಗೆ ಹಲ್ಲು ಕಾಣುವ ಬಾಯಿ; "ಅ", "ಎ"ಗಳಿಗೆ ಅರೆ ತೆರೆದದ್ದು; "ಆ"ಗೆ ಪೂರ್ತಿ ತೆರೆದದ್ದು; "ಒ"ಗೆ ದುಂಡನೆಯದು; "ಉ"ಗೆ ಮೂತಿ ಮುಂದೆ ಮಾಡಿದ್ದು; "ವ", "ಫ"ಗಳಿಗೆ ಕೆಳತುಟಿಗೆ ಮೇಲುಹಲ್ಲು ತಾಕಿದ್ದು.

ಎಂಟನ್ನೂ ಒಂದರ ಮೇಲೊಂದು ಲೇಯರ್‌ನಲ್ಲಿಟ್ಟೇ ಬರೆಯಿರಿ. ಮಾತಾಡುವಾಗ ಮೇಲ್ದವಡೆ ಅಲುಗುವುದಿಲ್ಲ, ಇಳಿಯುವುದು ಗದ್ದ ಮಾತ್ರ. ಮೇಲುಹಲ್ಲಿನ ಸಾಲು ಚಿತ್ರದಿಂದ ಚಿತ್ರಕ್ಕೆ ಕೂದಲೆಳೆಯಷ್ಟು ಸರಿದರೂ ಪಾತ್ರ ಕಟ್ಟಿಸಿದ ಹಲ್ಲುಸೆಟ್ಟು ಸಡಿಲವಾದಂತೆ ಕಾಣುತ್ತದೆ.

ಈಗ ಧ್ವನಿ. ಸೆಕೆಂಡಿಗೆ 24 ಫ್ರೇಮ್, ಒಂದು ಚಿತ್ರ ಕನಿಷ್ಠ 2 ಫ್ರೇಮ್ ನಿಲ್ಲುತ್ತದೆ ಎಂದಿಟ್ಟುಕೊಳ್ಳಿ. "ಅಮ್ಮಾ, ಬಾಗಿಲು ತೆಗಿ" ಎಂಬ ಮಾತನ್ನು ನಿಧಾನವಾಗಿ ಮತ್ತೆ ಮತ್ತೆ ಕೇಳಿ, ಯಾವ ಸದ್ದು ಯಾವ ಫ್ರೇಮಿನಲ್ಲಿದೆ ಎಂದು ಶೀಟಿನಲ್ಲಿ ಗುರುತಿಸಿ. ಒಂದು ಧ್ವನಿಮುದ್ರಣದಲ್ಲಿ ಅದು ಹೀಗೆ ಬರಬಹುದು:

```
1–4    ಅ     ಅರೆ ತೆರೆದದ್ದು
5–8    ಮ್ಮ    ತುಟಿ ಒತ್ತಿದ್ದು
9–10   ಆ     ಅರೆ ತೆರೆದದ್ದು
11–16  ಆ     ಪೂರ್ತಿ ತೆರೆದದ್ದು
17–20  ತಡೆ    ಸುಮ್ಮನಿರುವುದು
21–22  ಬ     ತುಟಿ ಒತ್ತಿದ್ದು
23–28  ಆ     ಪೂರ್ತಿ ತೆರೆದದ್ದು
29–32  ಗಿ    ಹಲ್ಲು ಕಾಣುವುದು
33–36  ಲು    ಮೂತಿ
37–40  ತೆ    ಅರೆ ತೆರೆದದ್ದು
41–46  ಗಿ    ಹಲ್ಲು ಕಾಣುವುದು
```

ಇಲ್ಲಿ ಗ, ತ, ಲಗಳಿಗೆ ಬೇರೆ ಬಾಯಿಯೇ ಇಲ್ಲ, ಪಕ್ಕದ ಸ್ವರ ಅವನ್ನು ನುಂಗಿಕೊಂಡಿದೆ. ಒತ್ತಕ್ಷರದ ಮಾತೇ ಬೇರೆ. "ಮ್ಮ" ಎನ್ನುವಾಗ ತುಟಿ ನಿಜಕ್ಕೂ ಹೆಚ್ಚು ಹೊತ್ತು ಕೂಡಿರುತ್ತದೆ, ಅದಕ್ಕೇ 4 ಫ್ರೇಮ್ ಕೊಟ್ಟದ್ದು. ಅದನ್ನು 2ಕ್ಕೆ ಇಳಿಸಿದರೆ ಬಾಯಿ "ಅಮಾ" ಎಂದಂತಾಗುತ್ತದೆ, ಕಿವಿ ಮತ್ತೊಂದನ್ನು ಕೇಳುತ್ತದೆ. ತಡೆಯ ನಂತರದ "ಬ"ಗೂ ತುಟಿ ಒತ್ತಲೇಬೇಕು. ಸುಮ್ಮನಿರುವ ಬಾಯಿಯನ್ನೇ ಎಳೆದರೆ "ಬಾ" ಎಂಬ ಸಿಡಿತಕ್ಕೆ ಬಲ ಬರುವುದಿಲ್ಲ. ಮಾತು ತೀರಾ ವೇಗವಾಗಿದ್ದರೆ ನಡುವಿನ ಸ್ವರವೊಂದನ್ನು ಬಿಡಿ, ತುಟಿ ಕೂಡುವುದನ್ನು ಮಾತ್ರ ಎಂದೂ ಬಿಡಬೇಡಿ.

ಶೀಟ್ ತುಂಬಿದ ಮೇಲೆ ಬಾಯಿಯ ಇಡೀ ಲೇಯರನ್ನು ಧ್ವನಿಗಿಂತ 2 ಫ್ರೇಮ್ ಮುಂಚಿತವಾಗಿ ಸರಿಸಿ. ಸದ್ದು ಹೊರಡುವ ಮೊದಲೇ ಬಾಯಿ ಅದಕ್ಕೆ ಸಿದ್ಧವಾಗಿರುತ್ತದಲ್ಲ. ಬಾಯಿ ತಡವಾದರೆ ತಪ್ಪು ಕೂಡಲೇ ಕಣ್ಣಿಗೆ ಹೊಡೆಯುತ್ತದೆ, ತುಸು ಮುಂಚೆ ಬಂದರೆ ಅಷ್ಟಾಗಿ ತಿಳಿಯುವುದಿಲ್ಲ.

ಬಾಯಿ ಪಟಪಟನೆ ಬಡಿದುಕೊಂಡಂತೆ ಕಂಡರೆ ನೀವು ಅಕ್ಷರ ಎಣಿಸಿದ್ದೀರಿ ಎಂದರ್ಥ. ಆಗ ಧ್ವನಿ ನಿಲ್ಲಿಸಿ ಚಿತ್ರವನ್ನಷ್ಟೇ ಓಡಿಸಿ. ತುಟಿ ಎರಡು ಸಲ ಕೂಡುವುದು, ಎರಡು ಸಲ ಅಗಲವಾಗಿ ತೆರೆಯುವುದು, ಒಮ್ಮೆ ಮೂತಿಯಾಗುವುದು ಸ್ಪಷ್ಟವಾಗಿ ಎಣಿಕೆಗೆ ಸಿಗಬೇಕು. ಸಿಗದಿದ್ದರೆ ಅವುಗಳ ನಡುವೆ ಇರುವ ಚಿಕ್ಕ ಬಾಯಿಯೊಂದನ್ನು ತೆಗೆದು, ಆ ಫ್ರೇಮ್‌ಗಳನ್ನು ಪಕ್ಕದ ದೊಡ್ಡ ಬಾಯಿಗೆ ಕೊಡಿ.