ಗ್ಯಾಸ್ ಮುಗಿಯುವ ಮುಂಚೆ ಕೂಗುವ ತಕ್ಕಡಿ

ಗ್ಯಾಸ್ ಎಷ್ಟು ಉಳಿದಿದೆ ಅಂತ ಒಲೆಯ ಉರಿ ನೋಡಿ ಹೇಳೋಕೆ ಆಗುವುದಿಲ್ಲ. ಸಿಲಿಂಡರಿನೊಳಗೆ ದ್ರವ ಸ್ವಲ್ಪ ಇದ್ದರೂ ಸಾಕು, ಒತ್ತಡ ಹೆಚ್ಚು ಕಡಿಮೆ ಹಾಗೇ ಇರುತ್ತದೆ, ಉರಿಯೂ ಜೋರಾಗೇ ಇರುತ್ತದೆ. ದ್ರವ ಮುಗಿದ ಮೇಲೆ ಮಾತ್ರ ದಿಢೀರ್ ಅಂತ ಕುಗ್ಗುತ್ತದೆ. ಆ ಹೊತ್ತಿಗೆ ದೋಸೆ ಕಾವಲಿ ಮೇಲಿರುತ್ತದೆ. ಹಾಗಾಗಿ ನಂಬಬಹುದಾದದ್ದು ತೂಕ ಒಂದನ್ನೇ.

ಬೇಕಾಗಿರುವುದು 50 ಕೆ.ಜಿ.ಯ ನಾಲ್ಕು ಲೋಡ್ ಸೆಲ್ (ಮನೆಯಲ್ಲಿ ಮೈತೂಕ ನೋಡುವ ಯಂತ್ರದೊಳಗೆ ಇರುವಂಥವೇ), ಅವುಗಳ ಸಂಕೇತವನ್ನು ಅಂಕಿಯಾಗಿಸುವ ಎಚ್‌ಎಕ್ಸ್ 711 ಅನ್ನುವ ಪುಟ್ಟ ಬೋರ್ಡ್, ಕೋಡ್ ಓಡಿಸೋಕೆ ಒಂದು ಇಎಸ್‌ಪಿ 32, ಒಂದು ಬಝರ್, ಎರಡು ತುಂಡು ದಪ್ಪ ಪ್ಲೈವುಡ್.

ಸೆಲ್‌ಗಳನ್ನು ಕೆಳಗಿನ ಹಲಗೆಯ ನಾಲ್ಕು ಮೂಲೆಗೆ ಕೂರಿಸಿ. ಇಲ್ಲೇ ಜಾಸ್ತಿ ಜನ ಎಡವುವುದು. ಸೆಲ್‌ನ ಹೊರ ಅಂಚು ಮಾತ್ರ ಹಲಗೆಗೆ ತಾಗಬೇಕು, ನಡುವಿನ ನಾಲಗೆಯ ಕೆಳಗೆ ಎರಡು ಮಿಲಿಮೀಟರ್ ಖಾಲಿ ಜಾಗ ಇರಬೇಕು. ಅದು ಬಾಗಿದರೆ ತಾನೆ ತೂಕ ಗೊತ್ತಾಗೋದು? ಚಪ್ಪಟೆಯಾಗಿ ಅಂಟಿಸಿಬಿಟ್ಟರೆ ಎಷ್ಟು ಭಾರ ಇಟ್ಟರೂ ಅಂಕಿ ಅಲುಗಾಡುವುದಿಲ್ಲ.

ಪ್ರತಿ ಸೆಲ್‌ಗೂ ಮೂರು ತಂತಿ. ಪಕ್ಕಪಕ್ಕದ ಸೆಲ್‌ಗಳ ಬಿಳಿಗೆ ಬಿಳಿ, ಕಪ್ಪಿಗೆ ಕಪ್ಪು ಸೇರಿಸುತ್ತಾ ಒಂದು ಸುತ್ತು ಬನ್ನಿ. ಉಳಿದ ನಾಲ್ಕು ಕೆಂಪು ತಂತಿಗಳಲ್ಲಿ ಎದುರುಬದುರು ಮೂಲೆಯ ಒಂದು ಜೋಡಿ ಎಚ್‌ಎಕ್ಸ್ 711ರ E+ ಮತ್ತು E- ಗೆ, ಇನ್ನೊಂದು ಜೋಡಿ A+ ಮತ್ತು A- ಗೆ. ಕೆಲವು ಅಂಗಡಿಯ ಸೆಲ್‌ಗಳಲ್ಲಿ ಬಣ್ಣ ಅದಲು ಬದಲಾಗಿರುತ್ತದೆ, ಆದ್ದರಿಂದ ಮಲ್ಟಿಮೀಟರ್ ಹಿಡಿದು ನೋಡಿ: ಯಾವ ಎರಡು ತಂತಿಗಳ ನಡುವೆ ರೆಸಿಸ್ಟೆನ್ಸ್ ಅತಿ ಜಾಸ್ತಿಯೋ ಅವನ್ನು ಬಿಟ್ಟು ಉಳಿದದ್ದೇ ನಡುವಿನ ತಂತಿ, ಅಂದರೆ ಇಲ್ಲಿ ಹೇಳಿದ ಕೆಂಪು. ಭಾರ ಇಟ್ಟಾಗ ಅಂಕಿ ಇಳಿಯುತ್ತಾ ಹೋದರೆ A+, A- ಅದಲು ಬದಲು ಮಾಡಿದರಾಯಿತು.

ಇನ್ನು ಅಳತೆ ಹೊಂದಿಸುವುದು. ಖಾಲಿ ಹಲಗೆಯಲ್ಲಿ ನನಗೆ ಬಂದ ಅಂಕಿ 84,200. ಐದೈದು ಕೆ.ಜಿ.ಯ ನಾಲ್ಕು ಗೋಧಿ ಹಿಟ್ಟಿನ ಪ್ಯಾಕೆಟ್ ಇಟ್ಟಾಗ 5,18,200. ವ್ಯತ್ಯಾಸ 4,34,000, ಅದನ್ನು 20ರಿಂದ ಭಾಗಿಸಿದರೆ ಒಂದು ಕೆ.ಜಿ.ಗೆ 21,700. ನಿಮ್ಮ ಅಂಕಿ ಬೇರೆಯೇ ಬರುತ್ತದೆ, ನನ್ನದನ್ನು ಹಾಕಿಕೊಳ್ಳಬೇಡಿ.

ಈಗ ನಾನು ಮಾಡಿದ ತಪ್ಪು. ಇಂಟರ್‌ನೆಟ್ಟಿನಲ್ಲಿ ಸಿಗುವ ಮಾದರಿ ಕೋಡ್‌ಗಳಲ್ಲಿ ಸಾಮಾನ್ಯವಾಗಿ ಶುರುವಿನಲ್ಲೇ `tare()` ಅಂತ ಒಂದು ಸಾಲು ಇರುತ್ತದೆ, ಈಗಿರುವ ಭಾರವನ್ನೇ ಸೊನ್ನೆ ಅಂದುಕೋ ಅಂತ ಅದರರ್ಥ. ನಾನೂ ಹಾಗೇ ಬಿಟ್ಟಿದ್ದೆ. ಒಂದು ಸಂಜೆ ಕರೆಂಟ್ ಹೋಗಿ ಬಂತು, ಸಿಲಿಂಡರ್ ಮೇಲಿದ್ದಂತೆಯೇ ತಕ್ಕಡಿ ಸೊನ್ನೆಯಾಗಿ ಬಝರ್ ಕೂಗಿದ್ದೇ ಕೂಗಿದ್ದು! ಅದಕ್ಕೇ ಸೊನ್ನೆಯನ್ನು ಕೋಡಿನಲ್ಲೇ ಬರೆದಿಡಬೇಕು:

```
scale.set_offset(84200);
scale.set_scale(21700);
float gas = scale.get_units(20) - 15.9;
if (gas < 2.0) buzz();
```

ಇಲ್ಲಿನ `buzz()` ನೀವೇ ಬರೆದುಕೊಳ್ಳಬೇಕಾದ ಫಂಕ್ಷನ್. 15.9 ಅನ್ನುವುದು ಖಾಲಿ ಸಿಲಿಂಡರಿನ ತೂಕ, ಮೇಲಿನ ಹಿಡಿಕೆಯ ಪಟ್ಟಿಯ ಮೇಲೆ ಬರೆದಿರುತ್ತದೆ. ಒಂದೊಂದು ಸಿಲಿಂಡರಿಗೂ ಒಂದೊಂದು, ಹಾಗಾಗಿ ಹೊಸದು ಬಂದಾಗಲೆಲ್ಲ ಇದನ್ನು ಬದಲಿಸಲೇಬೇಕು. ಮರೆತರೆ ಅರ್ಧ ಕೆ.ಜಿ., ಕೆಲವೊಮ್ಮೆ ಅದಕ್ಕಿಂತ ಜಾಸ್ತಿಯೇ ತಪ್ಪಾಗುತ್ತದೆ. ಮನೆಬಳಕೆಯ ತುಂಬಿದ ಸಿಲಿಂಡರಿನಲ್ಲಿ ಗ್ಯಾಸ್ 14.2 ಕೆ.ಜಿ., ಅಂದರೆ ಇದು ಒಟ್ಟು 30.1 ತೂಗಬೇಕು. ನಮ್ಮ ಮನೆಯಲ್ಲಿ ಒಂದು ಸಿಲಿಂಡರ್ ಸುಮಾರು 45 ದಿನ ಬರುತ್ತದೆ, ದಿನಕ್ಕೆ 315 ಗ್ರಾಂ ಖರ್ಚು. ಎರಡು ಕೆ.ಜಿ. ಉಳಿದಾಗ ಕೂಗಿದರೆ ಆರು ದಿನ ಕೈಯಲ್ಲಿರುತ್ತದೆ, ಬುಕ್ ಮಾಡಿ ತರಿಸಿಕೊಳ್ಳೋಕೆ ನಮಗೆ ಅಷ್ಟು ಸಾಕು. ನಿಮ್ಮೂರಿನಲ್ಲಿ ತಡವಾಗುವುದಾದರೆ ಮೂರಕ್ಕೆ ಇಡಿ.

ಈ ಸೆಲ್‌ಗಳಿಂದ ಗ್ರಾಂ ಲೆಕ್ಕ ನಿರೀಕ್ಷಿಸಬೇಡಿ. ವಾರಗಟ್ಟಲೆ ಭಾರ ಹೊತ್ತೇ ಇದ್ದರೆ ಅಂಕಿ ನಿಧಾನಕ್ಕೆ ಜಾರುತ್ತದೆ, ಮಧ್ಯಾಹ್ನದ ಸೆಕೆಗೂ ಬೆಳಗಿನ ಜಾವದ ತಂಪಿಗೂ ಬೇರೆ ಬೇರೆ ಬರುತ್ತದೆ. ನಾನು ದಿನಾ ರಾತ್ರಿ ಒಂದೇ ಹೊತ್ತಿಗೆ ಅಳೆಯುತ್ತೇನೆ. ಹೊಸ ಸಿಲಿಂಡರ್ ಬಂದ ದಿನ, ಹಲಗೆ ಖಾಲಿ ಇರುವ ಆ ಒಂದು ನಿಮಿಷದಲ್ಲಿ ಸೊನ್ನೆಯ ಅಂಕಿಯನ್ನು ಮತ್ತೆ ನೋಡಿಕೊಂಡುಬಿಡುತ್ತೇನೆ. ಇನ್ನೂರು ಗ್ರಾಂ ಕಡಿಮೆ ತೋರಿಸಿತು ಅಂತ ಸಿಲಿಂಡರ್ ತಂದ ಹುಡುಗನ ಜೊತೆ ಜಗಳಕ್ಕೆ ಮಾತ್ರ ಇಳಿಯಬೇಡಿ, ಅವನ ಹತ್ತಿರದ ತಕ್ಕಡಿಯಲ್ಲೇ ತೂಗಿಸಿ.

ತೂಕ ಸುಮ್ನೆ ಮೇಲೆ ಕೆಳಗೆ ಆಗುತ್ತಿದ್ದರೆ ಸಿಲಿಂಡರ್ ಗೋಡೆಗೆ ತಾಗಿದೆಯಾ, ರಬ್ಬರ್ ಪೈಪು ಬಿಗಿಯಾಗಿ ಎಳೆದುಕೊಂಡಿದೆಯಾ ನೋಡಿ. ಪೈಪು ಸಡಿಲವಾಗಿ ಇಳಿಬಿದ್ದಿರಬೇಕು. ಹಲಗೆ ಆಡಬಾರದು, ಸಿಲಿಂಡರ್ ಯಾವಾಗಲೂ ನೆಟ್ಟಗೆ ನಿಂತಿರಬೇಕು.

ಅಡುಗೆ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ಹರಡಿಕೊಳ್ಳುತ್ತದೆ. ಆದ್ದರಿಂದ ಸಿಲಿಂಡರಿನ ಹತ್ತಿರ ಸೆಲ್‌ಗಳೂ ಅವುಗಳ ತಂತಿಯೂ ಬಿಟ್ಟು ಬೇರೇನೂ ಬೇಡ. ಬೋರ್ಡ್, ಬಝರ್, ಅಡಾಪ್ಟರ್ ಎಲ್ಲ ಕಟ್ಟೆಗಿಂತ ಮೇಲೆ, ಸಿಲಿಂಡರಿನಿಂದ ದೂರದ ಗೋಡೆಯಲ್ಲಿರಲಿ. ರಿಲೇ ಹಾಕಲೇಬೇಡಿ, ಅದು ಕಿಡಿ ಹಾರಿಸುತ್ತದೆ. ಮತ್ತೆ, ಈ ತಕ್ಕಡಿಗೆ ಸೋರಿಕೆ ಗೊತ್ತಾಗುವುದಿಲ್ಲ. ವಾಸನೆ ಬಂದರೆ ಸ್ವಿಚ್ ಮುಟ್ಟದೆ ರೆಗ್ಯುಲೇಟರ್ ಆಫ್ ಮಾಡಿ, ಕಿಟಕಿ ಬಾಗಿಲು ತೆಗೆದು ಹೊರಗೆ ಬಂದು, ಗ್ಯಾಸ್ ಸೋರಿಕೆಯ ಸಹಾಯವಾಣಿ 1906ಕ್ಕೆ ಫೋನ್ ಮಾಡಿ.